ಜೂನ್ ತಿಂಗಳ ರಿಪೇರಿ ಬಿಲ್ ಮೆಷಿನ್ ಖಾತೆಗೆ ಹೋಗಿತ್ತು: ಆಗಸ್ಟ್‌ನಲ್ಲಿ ತಿದ್ದಿದ ಬಗೆ

ಪೀಣ್ಯದ ಕಡೆಯ ಒಂದು ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿ. ವಿಎಂಸಿ ಅನ್ನುವ, ಕಂಪ್ಯೂಟರ್ ನಿಯಂತ್ರಣದಲ್ಲಿ ಲೋಹ ಕೊರೆಯುವ ಮೆಷಿನ್‌ಗಳಲ್ಲಿ ಪಂಪ್‌ನ ಬಿಡಿಭಾಗ ಮಾಡಿಕೊಡುತ್ತಾರೆ. ತಿಂಗಳಿಗೊಮ್ಮೆ ಅವರ ಪುಸ್ತಕ ನೋಡಿಕೊಡುವುದು ನನ್ನ ಕೆಲಸ. 2024ರ ಮೇ ಕೊನೆಯಲ್ಲಿ ಅವರ ಎರಡನೇ ವಿಎಂಸಿಯ ಸ್ಪಿಂಡಲ್ ಶಬ್ದ ಮಾಡಲು ಶುರುವಾಯಿತು. ಬಿಚ್ಚಿ ರಿಪೇರಿಯವರಿಗೆ ಕೊಟ್ಟರು. ಅವರು ಬೇರಿಂಗ್ ಬದಲಾಯಿಸಿ, ಟೇಪರ್ ಗ್ರೈಂಡ್ ಮಾಡಿ, ಬ್ಯಾಲೆನ್ಸ್ ನೋಡಿ ವಾಪಸ್ ಜೋಡಿಸಿದರು. ಜೂನ್ 3ಕ್ಕೆ ಬಿಲ್ ಬಂತು. ಕೆಲಸದ ಮೊತ್ತ 1,80,000 ರೂಪಾಯಿ, ಅದರ ಮೇಲೆ ಶೇ. 18 ಜಿಎಸ್‌ಟಿ 32,400. ಒಟ್ಟು 2,12,400.

ಬಿಲ್‌ನ ಮೊದಲ ಸಾಲಿನಲ್ಲಿ ‘ಸ್ಪಿಂಡಲ್ ಅಸೆಂಬ್ಲಿ’ ಅಂತ ದಪ್ಪ ಅಕ್ಷರದಲ್ಲಿತ್ತು. ‘ರಿಕಂಡಿಷನಿಂಗ್, ಬೇರಿಂಗ್ ಬದಲಾವಣೆ ಸಹಿತ’ ಅನ್ನುವುದು ಅದರ ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ಎಂಟ್ರಿ ಮಾಡುವ ಹುಡುಗ ಮೊದಲ ಸಾಲು ನೋಡಿ, ಮೊತ್ತವೂ ದೊಡ್ಡದಿದೆ ಅಂತ, ಮೆಷಿನ್‌ನ ಭಾಗ ಕೊಂಡಿದ್ದಾರೆ ಅಂದುಕೊಂಡ. ಟ್ಯಾಲಿಯಲ್ಲಿ ಹೀಗೆ ಕೂತಿತು:

ಪ್ಲಾಂಟ್ ಅಂಡ್ ಮೆಷಿನರಿ ಖಾತೆ ಡೆಬಿಟ್ 1,80,000
ಇನ್‌ಪುಟ್ ಸಿಜಿಎಸ್‌ಟಿ ಡೆಬಿಟ್ 16,200
ಇನ್‌ಪುಟ್ ಎಸ್‌ಜಿಎಸ್‌ಟಿ ಡೆಬಿಟ್ 16,200
ಪಾರ್ಟಿ ಖಾತೆ ಕ್ರೆಡಿಟ್ 2,12,400

ಇಂಥ ತಪ್ಪು ತಾನಾಗಿ ಕಣ್ಣಿಗೆ ಬೀಳುವುದಿಲ್ಲ. ಡೆಬಿಟ್ ಕ್ರೆಡಿಟ್ ಸರಿ ಇದೆ, ಟ್ರಯಲ್ ಬ್ಯಾಲೆನ್ಸ್ ಕೂಡಿಬರುತ್ತದೆ. ಪಾರ್ಟಿಗೆ ಕೊಡಬೇಕಾದ ಹಣವೂ ಸರಿ. ಜುಲೈ ಮೊದಲ ವಾರ ದುಡ್ಡು ಪೂರ್ತಿ ಹೋಯಿತು. ಜೂನ್ ತಿಂಗಳು ಮುಚ್ಚಿತು, ಆಮೇಲೆ ಜುಲೈ ಕೂಡ ಮುಚ್ಚಿತು.

ಸಿಕ್ಕಿದ್ದು ಆಗಸ್ಟ್ 12ಕ್ಕೆ, ಇನ್ಶೂರೆನ್ಸ್ ನವೀಕರಣದ ನೆಪದಲ್ಲಿ. ವಿಮೆಗೆ ಮೆಷಿನ್‌ಗಳ ಪಟ್ಟಿ ಕೊಡಬೇಕಿತ್ತು. ಪ್ರೊಡಕ್ಷನ್ ಮ್ಯಾನೇಜರ್ ಆಸ್ತಿ ರಿಜಿಸ್ಟರ್ ಹಿಡಿದು ಶಾಪ್ ಫ್ಲೋರ್ ಸುತ್ತಿದರು. ಒಂದು ಸಾಲಿಗೆ ಸೀರಿಯಲ್ ನಂಬರ್ ಇರಲಿಲ್ಲ, ಟ್ಯಾಗ್ ನಂಬರ್ ಇರಲಿಲ್ಲ, ನೆಲದ ಮೇಲೆ ಅಂಥ ವಸ್ತುವೂ ಇರಲಿಲ್ಲ. “ಹೊಸ ಸ್ಪಿಂಡಲ್ ಎಲ್ಲಿದೆ ಸರ್? ನಾವು ಹಳೇದನ್ನೇ ರಿಪೇರಿ ಮಾಡಿಸಿದ್ದಲ್ವಾ?” ಅಂತ ಅವರು ಕೇಳಿದಾಗಲೇ ಬಿಲ್ ಹೊರಗೆ ತೆಗೆದದ್ದು. ಬಿಲ್‌ನಲ್ಲೇ ಇನ್ನೊಂದು ಸುಳಿವು ಇತ್ತು. ಕೋಡ್ 9987ರಿಂದ ಶುರುವಾಗಿತ್ತು. ಜಿಎಸ್‌ಟಿಯಲ್ಲಿ ಅದು ನಿರ್ವಹಣೆ, ರಿಪೇರಿ ಸೇವೆಗಳ ಕೋಡ್. ಮೆಷಿನ್ ಅಥವಾ ಅದರ ಭಾಗವನ್ನು ಕೊಂಡಿದ್ದರೆ ಸಾಮಾನ್ಯವಾಗಿ 84ರಿಂದ ಶುರುವಾಗುವ ಕೋಡ್ ಇರುತ್ತದೆ. ಬಿಲ್ ಓದುವಾಗ ಮೊತ್ತಕ್ಕಿಂತ ಮೊದಲು ಕೋಡ್ ನೋಡುವ ಅಭ್ಯಾಸ ಇದ್ದರೆ ಈ ತಪ್ಪು ಆಗುತ್ತಲೇ ಇರಲಿಲ್ಲ.

ತಿದ್ದುವ ಮೊದಲು ಇದು ನಿಜಕ್ಕೂ ಖರ್ಚೇ ಅನ್ನುವುದನ್ನು ಗಟ್ಟಿ ಮಾಡಿಕೊಳ್ಳಬೇಕಿತ್ತು. ಈ ಹಂತವನ್ನು ಜಾಸ್ತಿ ಜನ ಹಾರಿಸಿಬಿಡುತ್ತಾರೆ. ಎಂಟ್ರಿ ಮಾಡಿದವನು ತಪ್ಪು ಅಂತ ಹೇಳಿ, ಸರಿ ಇದ್ದದ್ದನ್ನೇ ಕೆಡಿಸಿದ ಉದಾಹರಣೆಗಳೂ ಇವೆ. ಸ್ಥಿರ ಆಸ್ತಿಗೆ ಸಂಬಂಧಿಸಿದ ಲೆಕ್ಕಪತ್ರ ಮಾನದಂಡ ಎಎಸ್ 10 ಹೇಳುವುದು ಸರಳ: ದಿನನಿತ್ಯದ ಸರ್ವೀಸ್, ರಿಪೇರಿಗೆ ಆಗುವ ಖರ್ಚು ಆಯಾ ಅವಧಿಯ ಖರ್ಚು. ಆದರೆ ಒಂದು ದೊಡ್ಡ ಭಾಗವನ್ನೇ ಹೊಸದಾಗಿ ಹಾಕಿ, ಅದರ ಲಾಭ ಮುಂದಿನ ವರ್ಷಗಳಿಗೂ ಸಿಗುವಂತಿದ್ದರೆ ಅದನ್ನು ಆಸ್ತಿಗೆ ಸೇರಿಸಬೇಕು. ಆಗ ಹಳೆಯ ಭಾಗದ ಉಳಿದ ಬೆಲೆಯನ್ನು ಪುಸ್ತಕದಿಂದ ತೆಗೆಯಬೇಕು.

ಹಾಗಾಗಿ ಮ್ಯಾನೇಜರ್‌ಗೆ ಮೂರು ಪ್ರಶ್ನೆ ಕೇಳಿದೆ. ಹೊಸ ಸ್ಪಿಂಡಲ್ ಬಂತಾ? ಇಲ್ಲ, ಅದೇ ಹಳೆಯ ಸ್ಪಿಂಡಲ್. ಮೊದಲಿಗಿಂತ ಜಾಸ್ತಿ ವೇಗ, ಜಾಸ್ತಿ ಸಾಮರ್ಥ್ಯ ಬಂತಾ? ಇಲ್ಲ, ಮೊದಲು ಇದ್ದ ನಿಖರತೆ ವಾಪಸ್ ಬಂತು, ಅಷ್ಟೇ. ಮೆಷಿನ್‌ನ ಆಯಸ್ಸು ನಾವು ಅಂದುಕೊಂಡಿದ್ದಕ್ಕಿಂತ ಹೆಚ್ಚಾಯಿತಾ? ಅದೂ ಇಲ್ಲ. ಇದು ರಿಪೇರಿ. ಈ ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದು, ಅವರ ಸಹಿ ಹಾಕಿಸಿ ವೋಚರ್ ಜೊತೆ ಇಟ್ಟೆವು. ಆರು ತಿಂಗಳ ನಂತರ ಆಡಿಟರ್ ಕೇಳಿದಾಗ ನೆನಪಿನಿಂದ ಹೇಳುವ ಕಷ್ಟ ಇರಬಾರದು.

ಈಗ ತಿದ್ದುವುದು ಹೇಗೆ? ಹುಡುಗ ಕೇಳಿದ್ದು ಸಹಜವಾದ ಪ್ರಶ್ನೆ. “ಸರ್, ಜೂನ್ ವೋಚರ್ ತೆಗೆದು ಲೆಡ್ಜರ್ ಹೆಸರು ಒಂದು ಬದಲಾಯಿಸಿದ್ರೆ ಮುಗೀತಲ್ವಾ?”

ಟ್ಯಾಲಿಯಲ್ಲಿ ಅದು ಅರ್ಧ ನಿಮಿಷದ ಕೆಲಸ ನಿಜ. ತಿಂಗಳು ಮುಗಿಯಿತು ಅಂತ ಟ್ಯಾಲಿ ತಾನಾಗಿ ಬೀಗ ಹಾಕುವುದಿಲ್ಲ. ಬಳಕೆದಾರರ ಅನುಮತಿಗಳಲ್ಲಿ ಹಿಂದಿನ ದಿನಾಂಕದ ವೋಚರ್‌ಗಳಿಗೆ ಒಂದು ಗಡಿ ದಿನಾಂಕ ಹಾಕಿದರೆ ಮಾತ್ರ ತಡೆಯುತ್ತದೆ. ಆದರೆ ಜೂನ್ ವೋಚರ್ ಮುಟ್ಟಿದ ಕೂಡಲೇ ಜೂನ್‌ನ ಲಾಭ ಬದಲಾಗುತ್ತದೆ. ಆ ಲಾಭ ಆಗಲೇ ಡೈರೆಕ್ಟರ್ ಕೈಗೆ ಹೋಗಿದೆ. ಜೂನ್ ತ್ರೈಮಾಸಿಕದ ತಾತ್ಕಾಲಿಕ ಲೆಕ್ಕ ಬ್ಯಾಂಕಿಗೂ ಹೋಗಿದೆ. ಅವರ ಕೈಯಲ್ಲಿರುವ ಕಾಗದದಲ್ಲಿ ಒಂದು ಅಂಕಿ, ಪುಸ್ತಕದಲ್ಲಿ ಇನ್ನೊಂದು. ಯಾಕೆ ಬೇರೆ ಅಂತ ಹೇಳುವ ಒಂದು ವೋಚರ್ ಕೂಡ ಪುಸ್ತಕದಲ್ಲಿ ಕಾಣುವುದಿಲ್ಲ. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಪ್ರತಿ ಬದಲಾವಣೆಯ ದಾಖಲೆ ಉಳಿಯಲೇಬೇಕು ಅನ್ನುವ ನಿಯಮ ಇದೆ. ಆ ದಾಖಲೆಯನ್ನು ಆಫ್ ಮಾಡುವಂತೆಯೂ ಇಲ್ಲ. ಹಾಗಾಗಿ ಬದಲಾಯಿಸಿದ್ದು ಎಡಿಟ್ ಲಾಗ್‌ನಲ್ಲಿ ಕಾಣುತ್ತದೆ. ಯಾರು ಯಾವಾಗ ಬದಲಾಯಿಸಿದರು ಅಂತ ಅಲ್ಲಿ ಇರುತ್ತದೆ, ಯಾಕೆ ಅನ್ನುವುದು ಇರುವುದಿಲ್ಲ. ಪ್ರಾಮಾಣಿಕ ತಿದ್ದುಪಡಿಯೂ ಅಲ್ಲಿ ಅನುಮಾನದ ಹಾಗೆ ಕಾಣುತ್ತದೆ.

ಎರಡನೇ ದಾರಿ ಇನ್ನೂ ಕೆಟ್ಟದ್ದು: ಇಡೀ ಬಿಲ್ ತಿರುಗಿಸಿ ಆಗಸ್ಟ್‌ನಲ್ಲಿ ಹೊಸದಾಗಿ ಹಾಕುವುದು. ಹಾಗೆ ಮಾಡಿದರೆ ಜಿಎಸ್‌ಟಿ ಖಾತೆಗಳು ಅಲುಗಾಡುತ್ತವೆ. ಜೂನ್‌ನ ಇನ್‌ಪುಟ್ ಪಟ್ಟಿಯಾದ ಜಿಎಸ್‌ಟಿಆರ್-2ಬಿಯಲ್ಲಿ ಬಂದು, ಜೂನ್‌ನ ತಿಂಗಳ ರಿಟರ್ನ್ 3ಬಿಯಲ್ಲಿ ಕ್ಲೇಮ್ ಆಗಿರುವ ಬಿಲ್ ಆಗಸ್ಟ್‌ನಲ್ಲಿ ಮತ್ತೆ ಕಾಣಿಸುತ್ತದೆ. ಪಾರ್ಟಿ ಖಾತೆಯಲ್ಲಿ ಬಿಲ್‌ಗೆ ಹೊಂದಿಸಿದ್ದ ಪೇಮೆಂಟ್ ಕೂಡ ತಪ್ಪುತ್ತದೆ. ನಾಲ್ಕು ಸಾಲಿನ ವೋಚರ್‌ನಲ್ಲಿ ತಪ್ಪಿದ್ದು ಒಂದೇ ಸಾಲು. ಅದೊಂದನ್ನು ಮಾತ್ರ ತಿದ್ದಬೇಕು, ಉಳಿದ ಮೂರನ್ನು ಮುಟ್ಟಬಾರದು.

ಆಗಸ್ಟ್ 12ರ ದಿನಾಂಕದಲ್ಲಿ ಒಂದು ಜರ್ನಲ್ ಹಾಕಿದೆವು:

ರಿಪೇರಿ ಮತ್ತು ನಿರ್ವಹಣೆ – ಮೆಷಿನರಿ ಡೆಬಿಟ್ 1,80,000
ಪ್ಲಾಂಟ್ ಅಂಡ್ ಮೆಷಿನರಿ ಕ್ರೆಡಿಟ್ 1,80,000

ಕಾಸ್ಟ್ ಸೆಂಟರ್‌ನಲ್ಲಿ ಎರಡನೇ ವಿಎಂಸಿ ಅಂತ ಆರಿಸಿದೆವು, ಇಲ್ಲದಿದ್ದರೆ ಆ ಮೆಷಿನ್‌ಗೆ ಎಷ್ಟು ರಿಪೇರಿ ಖರ್ಚಾಯಿತು ಅನ್ನುವ ಲೆಕ್ಕ ಮತ್ತೆ ತಪ್ಪುತ್ತದೆ. ನರೇಶನ್ ಹೀಗೆ ಬರೆದೆವು: ‘03-06-2024ರ ಖರೀದಿ ವೋಚರ್‌ನಲ್ಲಿ ಎರಡನೇ ವಿಎಂಸಿಯ ಸ್ಪಿಂಡಲ್ ರಿಪೇರಿ ಬಿಲ್ ತಪ್ಪಾಗಿ ಪ್ಲಾಂಟ್ ಅಂಡ್ ಮೆಷಿನರಿಗೆ ಹಾಕಿದ್ದನ್ನು ಸರಿಪಡಿಸಿದ್ದು. ಜೂನ್, ಜುಲೈ ಮುಚ್ಚಿರುವುದರಿಂದ ಆಗಸ್ಟ್‌ನಲ್ಲಿ. ಜಿಎಸ್‌ಟಿ ಬದಲಾವಣೆ ಇಲ್ಲ.’ ಜೊತೆಗೆ ಮೂಲ ವೋಚರ್ ನಂಬರ್, ಪಾರ್ಟಿಯ ಬಿಲ್ ನಂಬರ್. ಸುಮ್ನೆ ‘ತಿದ್ದುಪಡಿ ಎಂಟ್ರಿ’ ಅಂತ ಬರೆದು ಬಿಟ್ಟಿರುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ವರ್ಷದ ಕೊನೆಗೆ ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ಒಂದು ಖರ್ಚಿನ ಖಾತೆಯಿಂದ ಇನ್ನೊಂದು ಖರ್ಚಿನ ಖಾತೆಗೆ, ಅಂದರೆ ಕಟ್ಟಡ ರಿಪೇರಿಯಿಂದ ಮೆಷಿನ್ ರಿಪೇರಿಗೆ ಸರಿಸುವ ವಿಷಯವಾಗಿದ್ದರೆ ಕೆಲಸ ಬಹುಪಾಲು ಇಲ್ಲಿಗೇ ಮುಗಿಯುತ್ತಿತ್ತು. ಲಾಭ ಒಂದು ರೂಪಾಯಿಯೂ ಬದಲಾಗುತ್ತಿರಲಿಲ್ಲ. ಇಲ್ಲಿ ಖರ್ಚು ಹೋಗಿ ಕೂತಿದ್ದು ಆಸ್ತಿಯಲ್ಲಿ. ಹಾಗಾಗಿ ಅದರ ಹಿಂದೆ ಎರಡು ಬಾಲ ಬೆಳೆದಿದ್ದವು.

ಮೊದಲನೆಯದು ಸವಕಳಿ. ಕಂಪನಿ ನೇರ ರೇಖೆ ವಿಧಾನದಲ್ಲಿ ಲೆಕ್ಕ ಹಾಕುತ್ತದೆ. ಕಂಪನಿ ಕಾಯ್ದೆಯ ಎರಡನೇ ಅನುಸೂಚಿಯಂತೆ ಸಾಮಾನ್ಯ ಮೆಷಿನ್‌ಗೆ 15 ವರ್ಷ ಆಯಸ್ಸು, ಕೊನೆಗೆ ಶೇ. 5 ಉಳಿಕೆ ಬೆಲೆ. ಇವರದು ಒಂದೇ ಶಿಫ್ಟ್, ಹಾಗಾಗಿ ಹೆಚ್ಚುವರಿ ಶಿಫ್ಟ್‌ನ ಸವಕಳಿ ಇಲ್ಲ. 1,80,000ದಲ್ಲಿ ಶೇ. 95 ಅಂದರೆ 1,71,000. ಅದನ್ನು 15ರಿಂದ ಭಾಗಿಸಿದರೆ ವರ್ಷಕ್ಕೆ 11,400, ತಿಂಗಳಿಗೆ 950. ತಿಂಗಳ ಮೊದಲ ಅರ್ಧದಲ್ಲಿ ಬಂದ ಆಸ್ತಿಗೆ ತಿಂಗಳ ಲೆಕ್ಕದಲ್ಲಿ ಪೂರ್ತಿ ತಿಂಗಳು ಹಾಕಿಕೊಂಡು, ವರ್ಷದ ಕೊನೆಗೆ ದಿನದ ಲೆಕ್ಕದಲ್ಲಿ ಸರಿಮಾಡುವುದು ಇವರ ಪದ್ಧತಿ. ಜೂನ್ 950, ಜುಲೈ 950. ಇಲ್ಲದ ಆಸ್ತಿಗೆ 1,900 ಸವಕಳಿ ಬಿದ್ದಿತ್ತು. ಅದಕ್ಕೆ ಎರಡನೇ ಜರ್ನಲ್:

ಕ್ರೋಡೀಕೃತ ಸವಕಳಿ – ಮೆಷಿನರಿ ಡೆಬಿಟ್ 1,900
ಸವಕಳಿ ಖರ್ಚು ಕ್ರೆಡಿಟ್ 1,900

ಎಡವುವ ಜಾಗ ಇದರ ನಂತರ ಬರುತ್ತದೆ. ಇವರ ಆಸ್ತಿ ರಿಜಿಸ್ಟರ್ ಟ್ಯಾಲಿಯಲ್ಲಿ ಇಲ್ಲ, ಎಕ್ಸೆಲ್‌ನಲ್ಲಿ ಇದೆ. ಪ್ರತಿ ತಿಂಗಳ ಸವಕಳಿ ಅಲ್ಲಿಂದ ಲೆಕ್ಕವಾಗಿ ಟ್ಯಾಲಿಗೆ ಬರುತ್ತದೆ. ಟ್ಯಾಲಿಯಲ್ಲಿ ತಿದ್ದಿ, ಎಕ್ಸೆಲ್ ಸಾಲು ಹಾಗೇ ಬಿಟ್ಟರೆ ಆಗಸ್ಟ್ 31ಕ್ಕೆ ಮತ್ತೆ 950 ಬೀಳುತ್ತದೆ, ಸೆಪ್ಟೆಂಬರ್‌ನಲ್ಲಿ ಮತ್ತೆ. ಖಾತೆಯಲ್ಲಿ ಆಸ್ತಿ ಇಲ್ಲ, ಸವಕಳಿ ಮಾತ್ರ ಬೆಳೆಯುತ್ತಿರುತ್ತದೆ. ಆ ಸಾಲನ್ನು ಅಳಿಸಲಿಲ್ಲ. ಮೊತ್ತವನ್ನು ಸೊನ್ನೆ ಮಾಡಿ, ಪಕ್ಕದಲ್ಲಿ ‘ತಪ್ಪು ಸೇರ್ಪಡೆ’ ಅಂತ ಬರೆದು ಜರ್ನಲ್ ನಂಬರ್ ಹಾಕಿದೆವು. ಸರಿಯಾಯಿತೋ ಇಲ್ಲವೋ ಅಂತ ತಿಳಿಯುವುದು ಸುಲಭ. ಬೇರೆ ಮೆಷಿನ್ ಬರದಿದ್ದರೆ, ಹೋಗದಿದ್ದರೆ, ಆಗಸ್ಟ್ ತಿಂಗಳ ಸವಕಳಿ ಜುಲೈಗಿಂತ ಸರಿಯಾಗಿ 950 ಕಡಿಮೆ ಬರಬೇಕು. ಬಂತು.

ಎರಡನೇ ಬಾಲ ಟಿಡಿಎಸ್, ಅಂದರೆ ಪಾರ್ಟಿಗೆ ಕೊಡುವ ಹಣದಲ್ಲಿ ಮೊದಲೇ ಹಿಡಿದು ಅವರ ಹೆಸರಲ್ಲಿ ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ. ಮೆಷಿನ್ ಭಾಗ ಕೊಂಡದ್ದು ಅಂತ ಅಂದುಕೊಂಡಿದ್ದರಿಂದ ಹುಡುಗ ಟಿಡಿಎಸ್ ಹಿಡಿದಿರಲಿಲ್ಲ. ರಿಪೇರಿ ಅಂದರೆ ಅದು ಗುತ್ತಿಗೆ ಕೆಲಸ. ಆ ವರ್ಷದ ಕಾನೂನಿನಲ್ಲಿ 194ಸಿ ಕಲಂ. ಒಂದೇ ಬಿಲ್ 30,000 ದಾಟಿದರೆ ಹಿಡಿಯಬೇಕು. ಪಾರ್ಟಿ ಪಾಲುದಾರಿಕೆ ಸಂಸ್ಥೆ, ಹಾಗಾಗಿ ಶೇ. 2. ಬಿಲ್‌ನಲ್ಲಿ ಜಿಎಸ್‌ಟಿ ಬೇರೆಯಾಗಿ ತೋರಿಸಿದ್ದರೆ ಜಿಎಸ್‌ಟಿ ಬಿಟ್ಟು ಉಳಿದ ಮೊತ್ತದ ಮೇಲೆ ಲೆಕ್ಕ. 1,80,000ಕ್ಕೆ 3,600. ಹಿಡಿಯಬೇಕಿದ್ದ ದಿನದಿಂದ ಹಿಡಿದ ದಿನದವರೆಗೆ ತಿಂಗಳಿಗೆ ಶೇ. 1 ಬಡ್ಡಿ, ತಿಂಗಳ ತುಂಡು ಇದ್ದರೂ ಪೂರ್ತಿ ತಿಂಗಳು. ಜೂನ್ 3ರಿಂದ ಆಗಸ್ಟ್ 12ಕ್ಕೆ ಮೂರು ತಿಂಗಳು, 108 ರೂಪಾಯಿ.

ಮೊತ್ತ ಸಣ್ಣದು. ಆದರೆ ಇದನ್ನು ಬಿಟ್ಟು ಖರ್ಚನ್ನು ಮಾತ್ರ ಸರಿಮಾಡಿದ್ದರೆ ಏನಾಗುತ್ತಿತ್ತು ನೋಡಿ. ರಿಪೇರಿ ಖರ್ಚು ಅಂತ 1,80,000 ಕ್ಲೇಮ್ ಮಾಡುತ್ತೇವೆ. ಅದಕ್ಕೆ ಟಿಡಿಎಸ್ ಹಿಡಿದಿಲ್ಲ. ರಿಟರ್ನ್ ಸಲ್ಲಿಸುವ ಕೊನೆಯ ದಿನದ ಒಳಗೂ ಹಿಡಿದು ಕಟ್ಟದಿದ್ದರೆ ಆ ಖರ್ಚಿನ ಶೇ. 30, ಅಂದರೆ 54,000 ರೂಪಾಯಿಯನ್ನು ಆದಾಯ ತೆರಿಗೆ ಲೆಕ್ಕದಲ್ಲಿ ಆ ವರ್ಷ ಒಪ್ಪುವುದಿಲ್ಲ. ಖಾತೆ ಬದಲಾದರೆ ಅದರ ಜೊತೆಗಿನ ತೆರಿಗೆಯ ಕರ್ತವ್ಯವೂ ಬದಲಾಗುತ್ತದೆ. ಬರಿಯ ಜರ್ನಲ್ ಹಾಕುವವರು ಮರೆಯುವುದು ಇದನ್ನೇ.

ಪಾರ್ಟಿಗೆ ದುಡ್ಡು ಪೂರ್ತಿ ಹೋಗಿತ್ತು. ಫೋನ್ ಮಾಡಿ ವಿಷಯ ಹೇಳಿದೆವು. ಪಾರ್ಟಿಯ ಯಜಮಾನರು ನಮ್ಮ ಕಂಪನಿಗೆ ಪ್ರತಿ ತಿಂಗಳೂ ಕೆಲಸ ಮಾಡಿಕೊಡುವವರು. “ಟಿಡಿಎಸ್ ನಮ್ಮ ಹೆಸರಲ್ಲೇ ಜಮಾ ಆಗುತ್ತಲ್ಲ, ಮುಂದಿನ ಬಿಲ್‌ನಲ್ಲಿ ಹಿಡ್ಕೊಳ್ಳಿ” ಅಂದರು. ಪಾರ್ಟಿ ಖಾತೆಗೆ 3,600 ಡೆಬಿಟ್ ಮಾಡಿ, ಟಿಡಿಎಸ್ ಕೊಡಬೇಕಾದ ಖಾತೆಗೆ ಕ್ರೆಡಿಟ್ ಮಾಡಿದೆವು. ಬಡ್ಡಿ 108 ಕಂಪನಿಯದೇ ಹೊರೆ. ಅದನ್ನು ರಿಪೇರಿ ಖಾತೆಗೆ ಸೇರಿಸದೆ, ‘ಟಿಡಿಎಸ್ ಬಡ್ಡಿ’ ಅಂತ ಬೇರೆ ಖಾತೆಗೆ ಹಾಕಿದೆವು. ಎರಡನ್ನೂ ಸೆಪ್ಟೆಂಬರ್ 7ರ ಗಡುವಿಗೆ ಮೊದಲೇ ಕಟ್ಟಿದರು.

ಜಿಎಸ್‌ಟಿಗೆ ಬಂದರೆ ಕೆಲಸ ಕಡಿಮೆ. ಮೆಷಿನ್ ಆದರೂ ರಿಪೇರಿ ಸೇವೆ ಆದರೂ ಈ ಕಂಪನಿಗೆ ಇನ್‌ಪುಟ್ ಸಿಗುತ್ತದೆ, 32,400 ಹಾಗೇ ಸರಿ ಇತ್ತು. ಜರ್ನಲ್ ಹಾಕುವ ಮೊದಲು ಮತ್ತು ನಂತರ ಟ್ಯಾಲಿಯ ಜಿಎಸ್‌ಟಿ ವರದಿ ತೆಗೆದು ಹೋಲಿಸಿದೆವು, ಅಂಕಿ ಬದಲಾಗಿರಲಿಲ್ಲ. ವಾರ್ಷಿಕ ರಿಟರ್ನ್ ಜಿಎಸ್‌ಟಿಆರ್-9ರಲ್ಲಿ ಮಾತ್ರ ಬಂಡವಾಳ ಸರಕಿನ ಇನ್‌ಪುಟ್ ಮತ್ತು ಸೇವೆಯ ಇನ್‌ಪುಟ್ ಬೇರೆ ಬೇರೆ ಸಾಲು. ಈ 32,400 ಸೇವೆಯ ಸಾಲಿಗೆ ಹೋಗಬೇಕು ಅಂತ ವರ್ಷಾಂತ್ಯದ ಫೈಲ್‌ನಲ್ಲಿ ಒಂದು ಟಿಪ್ಪಣಿ ಇಟ್ಟೆವು.

ಪುಸ್ತಕ ಸರಿಯಾಯಿತು. ಇನ್ನು ಅಂಕಿ ನೋಡಿದವರಿಗೆ ಹೇಳುವುದು ಬಾಕಿ ಇತ್ತು. ಈ ಪ್ರಕರಣದಲ್ಲಿ ನಾವು ಜಾಸ್ತಿ ಹೊತ್ತು ಕೂತು ಚರ್ಚಿಸಿದ್ದು ಈ ಭಾಗವನ್ನೇ.

ಆಗಸ್ಟ್ ತಿಂಗಳ ಲಾಭಕ್ಕೆ ಒಮ್ಮೆಲೇ 1,80,000 ಖರ್ಚು ಬಿತ್ತು, 1,900 ಸವಕಳಿ ವಾಪಸ್ ಬಂತು. ನಿವ್ವಳ 1,78,100 ಕಡಿಮೆ. ಇದು ಸರಿಯೇ ಅಂತ ಇನ್ನೊಂದು ಕಡೆಯಿಂದ ನೋಡಬಹುದು. ಜೂನ್‌ನಲ್ಲಿ 1,80,000 ಖರ್ಚು ಬಿಟ್ಟು 950 ಸವಕಳಿ ಮಾತ್ರ ಹಾಕಿದ್ದರು, ಅಂದರೆ ಲಾಭ 1,79,050 ಜಾಸ್ತಿ ತೋರಿಸಿತ್ತು. ಜುಲೈನಲ್ಲಿ ಬೇಡದ 950 ಸವಕಳಿಯಿಂದ ಲಾಭ ಅಷ್ಟು ಕಡಿಮೆ ತೋರಿಸಿತ್ತು. ಒಂದರಲ್ಲಿ ಇನ್ನೊಂದು ಕಳೆದರೆ ಅದೇ 1,78,100. ಈ ಎರಡು ಅಂಕಿ ಕೂಡಿಬರದಿದ್ದರೆ ಎಲ್ಲೋ ಜರ್ನಲ್ ಉಲ್ಟಾ ಬಿದ್ದಿದೆ ಅಂತ ಅರ್ಥ. ಡೆಬಿಟ್ ಕ್ರೆಡಿಟ್ ಅದಲು ಬದಲಾಗಿ, ತಪ್ಪು ಸರಿಯಾಗುವ ಬದಲು ಎರಡರಷ್ಟಾಗುವುದು ಅಪರೂಪವಲ್ಲ. ಪ್ಲಾಂಟ್ ಅಂಡ್ ಮೆಷಿನರಿ ಖಾತೆ ತೆರೆದು, ಮೊತ್ತ ಇಳಿದಿದೆಯೋ ಏರಿದೆಯೋ ನೋಡಿದರೆ ಅದು ಕೂಡಲೇ ಗೊತ್ತಾಗುತ್ತದೆ.

ಆದರೆ ಆಗಸ್ಟ್‌ನ ತಿಂಗಳ ವರದಿಯನ್ನು ಹಾಗೇ ಕೊಟ್ಟರೆ ಡೈರೆಕ್ಟರ್‌ಗೆ ಕಾಣುವುದು ಆಗಸ್ಟ್‌ನಲ್ಲಿ ರಿಪೇರಿ ಖರ್ಚು ಹಾರಿಹೋಯಿತು ಅಂತ. ಅದು ನಿಜವಲ್ಲ. ಮೆಷಿನ್ ಕೆಟ್ಟಿದ್ದು ಮೇನಲ್ಲಿ, ಸರಿಯಾಗಿದ್ದು ಜೂನ್‌ನಲ್ಲಿ. ಅದಕ್ಕೆ ಪುಸ್ತಕವನ್ನು ಒಂದು ರೀತಿ, ವರದಿಯನ್ನು ಇನ್ನೊಂದು ರೀತಿ ನೋಡಿಕೊಂಡೆವು. ಪುಸ್ತಕದಲ್ಲಿ ತಿದ್ದುಪಡಿ ಆಗಸ್ಟ್‌ನಲ್ಲೇ. ವರದಿಯಲ್ಲಿ ಜೂನ್, ಜುಲೈ, ಆಗಸ್ಟ್ ಮೂರಕ್ಕೂ ಎರಡು ಕಾಲಂ: ‘ಪುಸ್ತಕದಂತೆ’ ಮತ್ತು ‘ತಿದ್ದಿ ನೋಡಿದರೆ’. ಮೂರು ತಿಂಗಳ ಒಟ್ಟು ಎರಡೂ ಕಾಲಂನಲ್ಲಿ ಒಂದೇ. ಕೆಳಗೆ ಎರಡು ಸಾಲಿನ ವಿವರಣೆ.

ಬ್ಯಾಂಕಿನ ವಿಷಯದಲ್ಲಿ ಒಂದಿಷ್ಟು ಹಿಂಜರಿಕೆ ಇತ್ತು. ಸ್ಟಾಕ್ ಮತ್ತು ಬಾಕಿದಾರರ ಸ್ಟೇಟ್‌ಮೆಂಟ್‌ನಲ್ಲಿ ಈ ಖರ್ಚು ಬರುವುದೇ ಇಲ್ಲ, ಹಾಗಾಗಿ ಡ್ರಾಯಿಂಗ್ ಪವರ್‌ಗೆ, ಅಂದರೆ ಸಾಲದ ಖಾತೆಯಿಂದ ಎಷ್ಟು ತೆಗೆಯಬಹುದು ಅನ್ನುವ ಮಿತಿಗೆ, ಏನೂ ಆಗುವುದಿಲ್ಲ. ಆದರೆ ಸಾಲದ ನವೀಕರಣಕ್ಕೆ ಅಂತ ಜೂನ್ ತ್ರೈಮಾಸಿಕದ ತಾತ್ಕಾಲಿಕ ಲಾಭ 13,60,000 ಅಂತ ಕೊಟ್ಟಿದ್ದರು. ಅದರಲ್ಲಿ 1,79,050 ಇಲ್ಲದ ಲಾಭ. ಸುಮಾರು ಶೇ. 13. “ಬ್ಯಾಂಕಿನವರು ಕೇಳಿಲ್ಲವಲ್ಲ, ಸುಮ್ನೆ ಯಾಕೆ?” ಅಂತ ಡೈರೆಕ್ಟರ್ ಮೊದಲು ಅಂದರು. ನನ್ನ ಅಭಿಪ್ರಾಯ ಖಡಕ್ಕಾಗಿತ್ತು. ತಪ್ಪು ಅಂತ ಗೊತ್ತಿಲ್ಲದೆ ಕೊಟ್ಟ ಅಂಕಿ ಬೇರೆ, ತಪ್ಪು ಅಂತ ಗೊತ್ತಾದ ಮೇಲೂ ಬ್ಯಾಂಕಿನ ಫೈಲಿನಲ್ಲಿ ಬಿಟ್ಟ ಅಂಕಿ ಬೇರೆ. ಆ ಅಂಕಿ ನೋಡಿ ಅವರು ಸಾಲದ ತೀರ್ಮಾನ ಮಾಡುತ್ತಿದ್ದಾರೆ. ಒಂದು ಪುಟದ ಪತ್ರ, ತಿದ್ದಿದ ಲಾಭ 11,80,950, ಕಾರಣ, ಜರ್ನಲ್‌ನ ಪ್ರತಿ ಕಳಿಸಿದೆವು. ಸೆಪ್ಟೆಂಬರ್ 15ರ ಮುಂಗಡ ತೆರಿಗೆಯ ಅಂದಾಜಿಗೂ ಇದೇ ತಿದ್ದಿದ ಅಂಕಿ ಬಳಸಿದೆವು.

ಈ ತಪ್ಪು ಸಿಕ್ಕಿದ್ದು ಅದೇ ಹಣಕಾಸು ವರ್ಷದ ಒಳಗೆ. ಅದೇ ಕಾರಣಕ್ಕೆ ಎರಡು ಮೂರು ಜರ್ನಲ್‌ನಲ್ಲಿ ಮುಗಿಯಿತು. ಮಾರ್ಚ್ ದಾಟಿ, ಆಡಿಟ್ ಮುಗಿದು, ಲೆಕ್ಕಪತ್ರ ಸಭೆಯಲ್ಲಿ ಅಂಗೀಕಾರವಾದ ಮೇಲೆ ಸಿಕ್ಕಿದ್ದರೆ ರಿಪೇರಿ ಖಾತೆಗೆ ಸೇರಿಸಿ ಬಿಡುವಂತಿಲ್ಲ. ಈ ಕಂಪನಿಗೆ ಅನ್ವಯಿಸುವ ಎಎಸ್ 5ರ ಪ್ರಕಾರ ಅದು ಹಿಂದಿನ ಅವಧಿಯ ಬಾಬ್ತು. ಈ ವರ್ಷದ ಲಾಭ ನಷ್ಟದಲ್ಲೇ ಬರುತ್ತದೆ, ಆದರೆ ಬೇರೆಯಾಗಿ, ಅದರ ಪರಿಣಾಮ ಎಷ್ಟು ಅಂತ ಓದುವವರಿಗೆ ಗೊತ್ತಾಗುವ ಹಾಗೆ ತೋರಿಸಬೇಕು. ಇಂಡ್ ಎಎಸ್ ಅನ್ನುವ ಬೇರೆ ಮಾನದಂಡಗಳನ್ನು ಅನುಸರಿಸುವ ದೊಡ್ಡ ಕಂಪನಿಯಾದರೆ, ಮೊತ್ತ ಗಮನಾರ್ಹವಾಗಿದ್ದಾಗ ಹಿಂದಿನ ವರ್ಷದ ಅಂಕಿಗಳನ್ನೇ ತಿದ್ದಿ ತೋರಿಸಬೇಕಾಗುತ್ತದೆ.

ಆಗಸ್ಟ್ ಮುಗಿಯುವ ಮೊದಲು ಅವರು ಎರಡು ಬದಲಾವಣೆ ಮಾಡಿಕೊಂಡರು. ತಿಂಗಳು ಮುಚ್ಚಿದ ದಿನವೇ ಟ್ಯಾಲಿಯಲ್ಲಿ ಗಡಿ ದಿನಾಂಕ ಮುಂದಕ್ಕೆ ಹಾಕುವುದು ಒಂದು. ಪ್ಲಾಂಟ್ ಅಂಡ್ ಮೆಷಿನರಿಗೆ ಏನೇ ಡೆಬಿಟ್ ಆದರೂ ನರೇಶನ್‌ನಲ್ಲಿ ಮೆಷಿನ್‌ನ ಸೀರಿಯಲ್ ನಂಬರ್ ಮತ್ತು ಟ್ಯಾಗ್ ನಂಬರ್ ಇರಲೇಬೇಕು ಅನ್ನುವುದು ಇನ್ನೊಂದು. ನಂಬರ್ ಸಿಗದಿದ್ದರೆ ತಿಂಗಳು ಮುಚ್ಚುವ ಮೊದಲು ಪ್ರೊಡಕ್ಷನ್ ಮ್ಯಾನೇಜರ್‌ನ ಕೇಳಬೇಕು.

ಈ ಎರಡನೇ ನಿಯಮ ಒಂದೇ ದಿಕ್ಕಿನ ತಪ್ಪನ್ನು ಹಿಡಿಯುತ್ತದೆ. ಆಸ್ತಿಯನ್ನು ಕೊಂಡು ರಿಪೇರಿ ಖಾತೆಗೆ ಹಾಕಿದರೆ ಅದು ಯಾವ ಪಟ್ಟಿಯಲ್ಲೂ ಕಾಣುವುದಿಲ್ಲ, ಇನ್ಶೂರೆನ್ಸ್‌ಗೂ ಸಿಗುವುದಿಲ್ಲ. ಬೆಂಕಿ ಬಿದ್ದರೆ ಆ ಮೆಷಿನ್‌ಗೆ ವಿಮೆಯ ದುಡ್ಡು ಕೇಳಲು ದಾಖಲೆಯೇ ಇರುವುದಿಲ್ಲ. ಅದಕ್ಕೆ ಅಂತ ಪ್ರತಿ ತಿಂಗಳು ರಿಪೇರಿ ಖಾತೆಯಲ್ಲಿ 50,000 ದಾಟಿದ ಬಿಲ್‌ಗಳನ್ನು ತೆಗೆದು, ಒಂದೊಂದರ ಕೋಡ್ 9987ರಿಂದ ಶುರುವಾಗುತ್ತದೋ 84ರಿಂದಲೋ ಅಂತ ನೋಡಲು ಶುರು ಮಾಡಿದ್ದಾರೆ. 84 ಕಂಡ ಬಿಲ್ ಎಲ್ಲವೂ ಆಸ್ತಿಯೇನಲ್ಲ, ಸಣ್ಣ ಬಿಡಿಭಾಗಗಳಿಗೂ ಅದೇ ಕೋಡ್ ಇರಬಹುದು. ಆದರೆ ಆ ಬಿಲ್‌ಗಳ ಬಗ್ಗೆ ಮ್ಯಾನೇಜರ್‌ಗೆ ಒಂದು ಪ್ರಶ್ನೆ ಕೇಳಿದ ನಂತರವೇ ತಿಂಗಳು ಮುಚ್ಚುತ್ತಾರೆ.